ಸವಾದ್‌ನ ಕಂದಾಯ: ನೆಲ ಅಳೆದು ಹಾಕೋದಾ, ಬೆಳೆ ಅಳೆದು ಹಾಕೋದಾ?

637ರ ಸುಮಾರಿಗೆ ಅರಬ್ ಸೇನೆ ಇರಾನಿನ ಸಾಸಾನಿ ಅರಸರ ರಾಜಧಾನಿ ಕ್ಟೆಸಿಫೋನ್ ಹಿಡಿಯಿತು. ಟೈಗ್ರಿಸ್, ಯೂಫ್ರಟಿಸ್ ನದಿಗಳ ನಡುವಿನ ಕಾಲುವೆ ನೀರಿನ ಬಯಲು, ಅಂದರೆ ದಕ್ಷಿಣ ಇರಾಕಿನ ಸವಾದ್ ಪ್ರದೇಶ, ಅವರ ಕೈಗೆ ಬಂತು. ಗೆದ್ದ ಸೈನಿಕರ ಬೇಡಿಕೆ ಸರಳವಾಗಿತ್ತು. ಲೂಟಿಯಲ್ಲಿ ಸಿಕ್ಕ ಮಾಲನ್ನು ಐದರಲ್ಲೊಂದು ಪಾಲು ತೆಗೆದಿಟ್ಟು ಉಳಿದದ್ದನ್ನು ನಮಗೆ ಹಂಚುತ್ತೀರಲ್ಲ, ಈ ನೆಲವನ್ನೂ ಅದರ ಮೇಲಿರುವ ರೈತರನ್ನೂ ಹಾಗೇ ಹಂಚಿ.

ಖಲೀಫ ಉಮರ್ ಒಪ್ಪಲಿಲ್ಲ. ಈ ಜಗಳವನ್ನು ಅಬೂ ಯೂಸುಫ್ ತಮ್ಮ ಖರಾಜ್ ಗ್ರಂಥದಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. ಇವರು ಮುಂದೆ ಬಂದ ಖಲೀಫ ಹಾರೂನ್ ಅಲ್ ರಶೀದ್‌ನ ಮುಖ್ಯ ಕಾಜಿ, ತೀರಿಕೊಂಡದ್ದು 798ರಲ್ಲಿ. ಪ್ರವಾದಿಯ ಸಂಗಾತಿಗಳಲ್ಲೇ ಬಿಲಾಲ್, ಜುಬೈರ್, ಅಬ್ದುರ್ರಹಮಾನ್ ಇಬ್ನ್ ಔಫ್ ಹಂಚಲೇಬೇಕು ಅಂದರು. ಅಲಿ, ಉಸ್ಮಾನ್, ತಲ್ಹಾ ಉಮರ್ ಪರ ನಿಂತರು. ಉಮರ್ ಹೇಳಿದ್ದು ಇಷ್ಟು: ಇವತ್ತು ಹಂಚಿಬಿಟ್ಟರೆ ಮುಂದೆ ಬರುವವರಿಗೆ ಏನು ಉಳಿಯುತ್ತದೆ? ಗಡಿ ಕಾಯುವ ಸೈನ್ಯಕ್ಕೆ ಸಂಬಳ ಎಲ್ಲಿಂದ ಕೊಡೋದು? ಕುರಾನಿನ 59ನೇ ಅಧ್ಯಾಯದಲ್ಲಿ ಮುಂದೆ ಬರುವವರನ್ನೂ ಪಾಲುದಾರರೆಂದು ಸೇರಿಸಿದೆ ಅನ್ನೋದು ಅವರ ಆಧಾರ. ಕೊನೆಗೆ ನೆಲ ಹಳೆಯ ರೈತರ ಕೈಯಲ್ಲೇ ಉಳಿಯಿತು. ಅದರ ಮೇಲೆ ಖರಾಜ್ ಎಂಬ ಭೂಕಂದಾಯ, ರೈತರ ಮೇಲೆ ಜಿಜಿಯಾ ಎಂಬ ತಲೆಗಂದಾಯ, ಎರಡರ ಹಣವೂ ಬೈತುಲ್ ಮಾಲ್ ಎಂಬ ಸಾರ್ವಜನಿಕ ಬೊಕ್ಕಸಕ್ಕೆ.

ಇಲ್ಲಿಯವರೆಗಿನ ಕಥೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ನನಗೆ ಮುಖ್ಯ ಅನಿಸೋದು ಇದರ ನಂತರದ್ದು. ಕಂದಾಯ ಎಷ್ಟು ಅಂತ ಲೆಕ್ಕ ಹಾಕಿದ್ದು ಹೇಗೆ, ಆ ಲೆಕ್ಕ ನೂರು ವರ್ಷ ನಿಂತು ಆಮೇಲೆ ಯಾಕೆ ಕುಸಿಯಿತು? ತಪ್ಪು ಆಸೆಬುರುಕ ಅಧಿಕಾರಿಗಳದ್ದು ಮಾತ್ರ ಅಲ್ಲ. ಲೆಕ್ಕದ ವಿಧಾನದಲ್ಲೇ ತೊಂದರೆ ಇತ್ತು.

ಮೊದಲು ಸಾಸಾನಿಗಳು ಬಿಟ್ಟುಹೋದ ಪದ್ಧತಿ ನೋಡೋಣ, ಯಾಕೆಂದರೆ ಉಮರ್ ಕಾಲದ ವ್ಯವಸ್ಥೆ ಅದರ ಮೇಲೇ ಕಟ್ಟಿದ್ದು. ಅವರಲ್ಲೂ ಹಿಂದೆ ಬೆಳೆಯಲ್ಲಿ ಪಾಲು ತೆಗೆದುಕೊಳ್ಳುವ ರೂಢಿ ಇತ್ತು. ನೀರಿನ ಅನುಕೂಲ ನೋಡಿ ಮೂರರಲ್ಲೊಂದರಿಂದ ಆರರಲ್ಲೊಂದರವರೆಗೆ. ಇದರ ಕಷ್ಟ ಹೇಳುವ ಒಂದು ಹಳೆಯ ಕಥೆ ಇದೆ. ರಾಜ ಕವಾದ್ ಒಂದು ಹಳ್ಳಿಯಲ್ಲಿ ಹೋಗುತ್ತಿದ್ದಾಗ ಒಬ್ಬ ತಾಯಿ ತನ್ನ ಮಗುವಿಗೆ ತೋಟದ ಹಣ್ಣು ಮುಟ್ಟಲು ಬಿಡದೆ ತಡೆಯುವುದನ್ನು ನೋಡುತ್ತಾನೆ. ಯಾಕೆ ಅಂತ ವಿಚಾರಿಸಿದರೆ, ರಾಜನ ಪಾಲು ಇನ್ನೂ ಲೆಕ್ಕ ಆಗಿಲ್ಲ, ಅಧಿಕಾರಿ ಬರುವವರೆಗೆ ನಾವು ಮುಟ್ಟುವ ಹಾಗಿಲ್ಲ ಅನ್ನುತ್ತಾಳೆ. ಕಥೆ ನಿಜವೋ ಕಟ್ಟಿದ್ದೋ, ಸಮಸ್ಯೆಯಂತೂ ನಿಜ. ಪಾಲಿನ ಪದ್ಧತಿಯಲ್ಲಿ ಸರ್ಕಾರದ ಮನುಷ್ಯ ಬಂದು ನೋಡುವವರೆಗೆ ಬೆಳೆ ರೈತನದ್ದಲ್ಲ.

ಹಾಗಾಗಿ ಕವಾದ್ ಭೂಮಿ ಅಳೆಸಲು ಶುರುಮಾಡಿದ, ಅವನ ಮಗ ಖುಸ್ರೋ ಅನುಶಿರ್ವಾನ್ (531–579) ಅದನ್ನು ಮುಗಿಸಿದ. ಜರೀಬ್ ಅನ್ನೋದು ನೆಲದ ಅಳತೆ, ದಿರ್ಹಮ್ ಬೆಳ್ಳಿ ನಾಣ್ಯ. ಒಂದು ಜರೀಬ್ ಗೋಧಿ ಅಥವಾ ಬಾರ್ಲಿ ನೆಲಕ್ಕೆ 1 ದಿರ್ಹಮ್, ದ್ರಾಕ್ಷಿಗೆ 8, ಖರ್ಜೂರದ ಮರಗಳಿಗೆ ಲೆಕ್ಕ ಮಾಡಿ ಇಷ್ಟು ಅಂತ. ತಲೆಗಂದಾಯ 20ರಿಂದ 50 ವರ್ಷದೊಳಗಿನ ಗಂಡಸರಿಗೆ, ಅವರವರ ಸ್ಥಿತಿ ನೋಡಿ 12, 8, 6, 4 ದಿರ್ಹಮ್. ಶ್ರೀಮಂತ ಮನೆತನದವರು, ಸೈನಿಕರು, ಪುರೋಹಿತರು, ಲಿಪಿಕಾರರು ತಲೆಗಂದಾಯ ಕೊಡಬೇಕಿರಲಿಲ್ಲ. ಈ ವಿನಾಯಿತಿಯನ್ನು ನೆನಪಿನಲ್ಲಿಡಿ. ತಲೆಗಂದಾಯ ಕೊಡೋದು ಅಂದರೆ ಕೆಳಗಿನವನು ಅಂತ ಅರ್ಥ ಅನ್ನೋ ಭಾವನೆ ಇರಾಕಿನಲ್ಲಿ ಅರಬರು ಬರುವ ಮೊದಲೇ ಬೇರುಬಿಟ್ಟಿತ್ತು.

ಈಗ ಉಮರ್ ಕಾಲದ ಅಳತೆಗೆ ಬರೋಣ. ಉಮರ್ ಇಬ್ಬರನ್ನು ಕಳಿಸಿದರು, ಉಸ್ಮಾನ್ ಇಬ್ನ್ ಹುನೈಫ್ ಮತ್ತು ಹುದೈಫಾ ಇಬ್ನುಲ್ ಯಮಾನ್. ಅಳತೆಯ ಕೋಲು ಮೊಳದ ಲೆಕ್ಕದ್ದು, ಆದರೆ ಬರೀ ಮೊಳ ಅಲ್ಲ: ಒಂದು ಮೊಳ, ಅದರ ಮೇಲೊಂದು ಮುಷ್ಟಿ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಹೆಬ್ಬೆರಳು. ಕೋಲು ಉದ್ದವಾದಷ್ಟೂ ಹೊಲದ ಜರೀಬ್ ಎಣಿಕೆ ಕಡಿಮೆ ಬರುತ್ತದೆ, ರೈತನಿಗೆ ಅಷ್ಟು ಲಾಭ. 60 ಮೊಳಕ್ಕೆ 60 ಮೊಳದ ಚೌಕ ಅಂದರೆ ಒಂದು ಜರೀಬ್. ಸಾಮಾನ್ಯವಾಗಿ ಈ ಅಳತೆಯನ್ನು ಸುಮಾರು 1,600 ಚದರ ಮೀಟರ್ ಅಂತ ಹಿಡಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 16 ಗುಂಟೆ. ಹತ್ತು ಜರೀಬ್ ಅಂದರೆ ನಾಲ್ಕು ಎಕರೆ ಅಂತ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ.

ಒಟ್ಟು ಬಂದದ್ದು 3 ಕೋಟಿ 60 ಲಕ್ಷ ಜರೀಬ್ ಅಂತ ಹಳೆಯ ಬರಹಗಳು ಹೇಳುತ್ತವೆ. ದರದ ವಿಷಯದಲ್ಲಿ ಅವು ಒಂದಕ್ಕೊಂದು ಹೊಂದುವುದಿಲ್ಲ. ಒಂದು ವರದಿಯ ಪ್ರಕಾರ ಪ್ರತಿ ಜರೀಬಿಗೆ 1 ದಿರ್ಹಮ್ ಮತ್ತು 1 ಕಫೀಜ್ ಧಾನ್ಯ (ಕಫೀಜ್ ಅನ್ನೋದು ಅವರ ಕೊಳಗದ ಹಾಗೆ ಒಂದು ಅಳತೆ). ಇನ್ನೊಂದರ ಪ್ರಕಾರ ಗೋಧಿಗೆ 4 ದಿರ್ಹಮ್, ಬಾರ್ಲಿಗೆ 2, ಕಬ್ಬಿಗೆ 6, ದ್ರಾಕ್ಷಿಗೆ 10. ಬೇರೆ ಬೇರೆ ಜಿಲ್ಲೆಗೆ, ಬೇರೆ ಬೇರೆ ಅಧಿಕಾರಿಯ ಕೈಯಲ್ಲಿ, ಬೇರೆ ಬೇರೆ ದರ ಇದ್ದಿರಬೇಕು ಅಂತ ನನಗನಿಸುತ್ತದೆ. ಆದರೆ ಒಂದು ಮಾತು ಬಹಳ ಮುಖ್ಯ. ನೀರು ತಲುಪುವ ನೆಲವಾದರೆ ಸಾಕು, ಬಿತ್ತಿದರೂ ಬಿತ್ತದಿದ್ದರೂ ಆ 1 ದಿರ್ಹಮ್, 1 ಕಫೀಜ್ ಕೊಡಲೇಬೇಕು. ಕಂದಾಯ ಬೆಳೆಯ ಮೇಲಲ್ಲ, ಬೆಳೆಯಬಹುದಾಗಿದ್ದ ನೆಲದ ಮೇಲೆ.

ತಲೆಗಂದಾಯಕ್ಕೆ ಮೂರು ದರ್ಜೆ: ವರ್ಷಕ್ಕೆ 48, 24, 12 ದಿರ್ಹಮ್. ಅಬೂ ಯೂಸುಫ್ ಯಾರ್ಯಾರು ಎಲ್ಲಿ ಬರುತ್ತಾರೆ ಅಂತ ಉದಾಹರಣೆ ಕೊಡುತ್ತಾರೆ. ನಾಣ್ಯ ಬದಲಾಯಿಸುವವನು, ಬಟ್ಟೆ ವ್ಯಾಪಾರಿ, ಜಮೀನ್ದಾರ, ವೈದ್ಯ ಮೇಲಿನ ದರ್ಜೆ. ದರ್ಜಿ, ಬಣ್ಣ ಹಾಕುವವನು, ಚಪ್ಪಲಿ ಹೊಲಿಯುವವನಂತಹ ಕೈಕೆಲಸದವರು ಕೆಳಗಿನ ದರ್ಜೆ. ಹೆಂಗಸರು, ಮಕ್ಕಳು, ದುಡಿಯಲಾಗದ ಮುದುಕರು, ಕೈಯಲ್ಲಿ ಕಾಸಿಲ್ಲದ ಕುರುಡರು, ಭಿಕ್ಷೆಯ ಮೇಲೆ ಬದುಕುವವರು ಕೊಡಬೇಕಿಲ್ಲ. ಎಣಿಕೆ ತಪ್ಪಬಾರದು ಅಂತ ಉಸ್ಮಾನ್ ಇಬ್ನ್ ಹುನೈಫ್ ಕಂದಾಯದಾರರ ಕುತ್ತಿಗೆಗೆ ಸೀಸದ ಮುದ್ರೆ ಹಾಕಿಸಿದರು, ಅಂಥವರು ಐದೂವರೆ ಲಕ್ಷ ಜನ ಅನ್ನುತ್ತಾರೆ. ವಸೂಲಿ ಮುಗಿದ ಮೇಲೆ ಮುದ್ರೆ ಒಡೆದು ತೆಗೆಯಬೇಕು ಅನ್ನೋದು ನಿಯಮ. ಕುತ್ತಿಗೆಗೆ ಸೀಸ ಕಟ್ಟಿಸಿಕೊಂಡು ಸಾಲಿನಲ್ಲಿ ನಿಂತ ಮನುಷ್ಯನಿಗೆ ಅದು ಹೇಗಿದ್ದಿರಬಹುದು ಅಂತ ಯೋಚಿಸದೆ ಈ ಅಂಕಿಯನ್ನು ಓದಲು ನನ್ನಿಂದ ಆಗೋದಿಲ್ಲ.

ಇಬ್ಬರೂ ಕೆಲಸ ಮುಗಿಸಿದ ಮೇಲೆ ಉಮರ್ ಅವರನ್ನು ಕೇಳಿದ ಒಂದು ಪ್ರಶ್ನೆ ದಾಖಲಾಗಿದೆ. ಅದು 644ರಲ್ಲಿ, ಅವರ ಕೊಲೆಗೆ ಕೆಲವೇ ದಿನ ಮೊದಲು. ನೆಲಕ್ಕೆ ಹೊರಲಾಗದಷ್ಟು ಹೊರೆ ಹಾಕಿಬಿಟ್ಟಿರಾ? ಇಲ್ಲ, ಅದು ಹೊರುವಷ್ಟೇ ಹಾಕಿದ್ದೇವೆ ಅಂತ ಅವರ ಉತ್ತರ. ಉಮರ್ ಮತ್ತೆ ಕೇಳಿದರು, ಇನ್ನೊಮ್ಮೆ ಯೋಚಿಸಿ ನೋಡಿ ಅಂತ. ಮುಂದೆ ಕಂದಾಯ ಇಳಿಸಬೇಕು ಅಂತ ವಾದಿಸಿದವರಿಗೆ ಈ ಪ್ರಶ್ನೆಯೇ ಅಸ್ತ್ರ ಆಯಿತು.

ದುಡ್ಡು ಹೋಗುತ್ತಿದ್ದದ್ದು ಎಲ್ಲಿಗೆ? ಬಹುಪಾಲು ಕೂಫಾ, ಬಸ್ರಾ ಎಂಬ ಸೈನಿಕ ಪಟ್ಟಣಗಳಲ್ಲೇ ಖರ್ಚಾಗುತ್ತಿತ್ತು. ಉಮರ್ ಒಂದು ದೀವಾನ್, ಅಂದರೆ ಹೆಸರುಗಳ ಪಟ್ಟಿ, ಮಾಡಿಸಿದರು. ಯಾರು ಯಾವಾಗ ಇಸ್ಲಾಮಿಗೆ ಬಂದರು, ಯಾವ ಯುದ್ಧದಲ್ಲಿದ್ದರು ಅನ್ನೋದರ ಮೇಲೆ ವರ್ಷಾಶನ. ಬದ್ರ್ ಯುದ್ಧದಲ್ಲಿ ಇದ್ದವರಿಗೆ 5,000 ದಿರ್ಹಮ್, ಆಮೇಲೆ ಬಂದವರಿಗೆ ಇಳಿಯುತ್ತಾ ಹೋಗುತ್ತದೆ. ಮುಸ್ಲಿಮರು ಕೊಡುತ್ತಿದ್ದ ಜಕಾತ್ ಬೇರೆ ಲೆಕ್ಕ, ಅದನ್ನು ಕುರಾನ್ ಹೇಳಿದ ಬಡವರು, ಸಾಲಗಾರರು ಮುಂತಾದವರಿಗೇ ಕೊಡಬೇಕು, ಖರಾಜ್ ಜೊತೆ ಬೆರೆಸಬಾರದು ಅಂತ ಅಬೂ ಯೂಸುಫ್ ಒತ್ತಿ ಹೇಳುತ್ತಾರೆ. ಸೈನ್ಯದ ಸಂಬಳಕ್ಕೆ ಪ್ರತಿ ವರ್ಷ ಗೊತ್ತಾದ ಮೊತ್ತ ಬೇಕು. ನೆಲ ಅಳೆದು ಹಾಕುವ ಕಂದಾಯ ಸರ್ಕಾರಕ್ಕೆ ಇಷ್ಟವಾಗೋದು ಇದಕ್ಕೇ.

ಹಳ್ಳಿಯಲ್ಲಿ ವಸೂಲಿ ಮಾಡುತ್ತಿದ್ದವರು ಹಳೆಯ ದಿಹ್ಕಾನರೇ, ಅಂದರೆ ಸಾಸಾನಿ ಕಾಲದ ಗೌಡಿಕೆ ಮನೆತನಗಳು. ಲೆಕ್ಕಪತ್ರ ಕೂಡ ಪಾರಸಿ ಭಾಷೆಯಲ್ಲೇ ಅರವತ್ತು ವರ್ಷ ನಡೆಯಿತು. 690ರ ದಶಕದ ಕೊನೆಯಲ್ಲಿ, ಹಜ್ಜಾಜ್ ಇರಾಕಿನ ರಾಜ್ಯಪಾಲನಾಗಿದ್ದಾಗ, ಸಾಲಿಹ್ ಇಬ್ನ್ ಅಬ್ದುರ್ರಹಮಾನ್ ಎಂಬ ಲಿಪಿಕಾರ ಅದನ್ನು ಅರಬ್ಬಿಗೆ ತಿರುಗಿಸಲು ಕೂತ. ಹಳೆಯ ಮುಖ್ಯ ಲಿಪಿಕಾರನ ಮಗ ಮರ್ದಾನ್‌ಶಾ ಅವನನ್ನು ಪರೀಕ್ಷೆ ಮಾಡಿದ: ಪಾರಸಿಯ ಹತ್ತರಲ್ಲೊಂದು, ಇಪ್ಪತ್ತರಲ್ಲೊಂದು ಎಂಬ ಭಿನ್ನರಾಶಿಗಳನ್ನು ಅರಬ್ಬಿಯಲ್ಲಿ ಹೇಗೆ ಬರೆಯುತ್ತೀಯ? ಸಾಲಿಹ್ ಉತ್ತರ ಕೊಟ್ಟ. ಆಗ ಪಾರಸಿ ಲಿಪಿಕಾರರು, ಇದು ನನ್ನಿಂದ ಆಗೋದಿಲ್ಲ ಅಂತ ಹೇಳಿಬಿಡು, ಒಂದು ಲಕ್ಷ ದಿರ್ಹಮ್ ಕೊಡುತ್ತೇವೆ ಅಂದರಂತೆ. ಅವನು ಒಪ್ಪಲಿಲ್ಲ. ಕಂದಾಯದ ಪುಸ್ತಕ ಓದಬಲ್ಲವರು ಕೆಲವೇ ಜನ ಅನ್ನೋದಕ್ಕೆ ಎಷ್ಟು ಬೆಲೆ ಇತ್ತು ಅಂತ ಆ ಒಂದು ಲಕ್ಷದಿಂದ ಅಂದಾಜು ಮಾಡಬಹುದು.

ಈ ಹೊತ್ತಿಗೆ ಇನ್ನೊಂದು ಗಂಟು ಬಿಗಿಯಾಗಿತ್ತು. ರೈತರು ಮತಾಂತರವಾಗಿ, ನೆಲ ಬಿಟ್ಟು ಕೂಫಾ, ಬಸ್ರಾ ಸೇರುತ್ತಿದ್ದರು. ಮುಸ್ಲಿಮನಾದವನ ಮೇಲೆ ತಲೆಗಂದಾಯ ಇಲ್ಲ, ಊರಲ್ಲಿ ಇಲ್ಲದವನಿಂದ ಖರಾಜ್ ಕೂಡ ಸಿಗೋದಿಲ್ಲ. ಹಜ್ಜಾಜ್ ಅವರನ್ನು ಹಿಡಿದು ಹಳ್ಳಿಗೆ ವಾಪಸ್ ಅಟ್ಟಿದ, ಊರಿನ ಹೆಸರನ್ನು ಕೈಮೇಲೆ ಹಾಕಿಸಿ ಕಳಿಸಿದ ಅಂತಲೂ ಬರೆದಿದ್ದಾರೆ. ಮುಸ್ಲಿಮರಾದ ಮೇಲೂ ಜಿಜಿಯಾ ವಸೂಲಾಯಿತು. ಇದು ಧರ್ಮದ ಮಾತಿಗೇ ವಿರುದ್ಧ, ಎಲ್ಲರಿಗೂ ಅದು ಗೊತ್ತಿತ್ತು.

717ರಲ್ಲಿ ಖಲೀಫನಾದ ಎರಡನೇ ಉಮರ್ (ಉಮರ್ ಇಬ್ನ್ ಅಬ್ದುಲ್ ಅಜೀಜ್) ಇದನ್ನು ಬಿಡಿಸಲು ನೋಡಿದರು. ಮತಾಂತರವಾದವನ ತಲೆಗಂದಾಯ ಹೋಗುತ್ತದೆ, ಆದರೆ ಖರಾಜ್ ನೆಲಕ್ಕೆ ಅಂಟಿದ್ದು, ಮಾಲೀಕ ಯಾರೇ ಆಗಲಿ ಕೊಡಬೇಕು. ಎರಡು ಕಂದಾಯಗಳನ್ನು ಬೇರೆ ಬೇರೆ ಅಂತ ನಾವು ಈಗ ಸುಲಭವಾಗಿ ಹೇಳುತ್ತೇವೆ, ಅದರ ಹಿಂದೆ ಇಂಥ ಜಗಳಗಳು ಇವೆ. ಮೊದಲ ಕಾಲದ ಬರಹಗಳಲ್ಲಂತೂ ಖರಾಜ್, ಜಿಜಿಯಾ ಎರಡು ಹೆಸರೂ ಒಂದರ ಬದಲು ಇನ್ನೊಂದು ಬರುತ್ತವೆ.

ಕೂಫಾದ ಅಧಿಕಾರಿಗೆ ಅವರು ಬರೆದ ಕಾಗದ ಒಂದು ಉಳಿದಿದೆ. ಪಾಳು ನೆಲದ ಕಂದಾಯವನ್ನು ಬೆಳೆಯುವ ನೆಲದ ಮೇಲೆ ಹಾಕಬೇಡ. ನೌರೋಜ್, ಮಿಹ್ರಗಾನ್ ಹಬ್ಬದ ಕಾಣಿಕೆ ತಗೋಬೇಡ. ಕಾಗದದ ಬೆಲೆ, ಓಲೆಕಾರನ ಕೂಲಿ, ಮನೆ ಬಾಡಿಗೆ, ಮದುವೆಯ ದುಡ್ಡು, ಯಾವುದನ್ನೂ ವಸೂಲಿ ಮಾಡಬೇಡ. ನಿಷೇಧದ ಪಟ್ಟಿ ಅಂದರೆ ಆಗ ನಿಜವಾಗಿ ನಡೆಯುತ್ತಿದ್ದದ್ದರ ಪಟ್ಟಿ ಅಲ್ವಾ? ದರದ ಪಟ್ಟಿ ನೋಡಿದರೆ ಜರೀಬಿಗೆ ಇಷ್ಟು ಅಂತ ಇರುತ್ತದೆ, ರೈತನ ಕೈಯಿಂದ ಹೋಗುತ್ತಿದ್ದದ್ದು ಅದಕ್ಕಿಂತ ಜಾಸ್ತಿ.

ಆದರೆ ಈ ಮೇಲ್ಸುಲಿಗೆ ಇಲ್ಲದಿದ್ದರೂ ಲೆಕ್ಕ ನಿಲ್ಲುತ್ತಿರಲಿಲ್ಲ. ಒಬ್ಬ ರೈತನನ್ನು ತೆಗೆದುಕೊಳ್ಳೋಣ. ಇಳುವರಿ, ಬೆಲೆ ಎರಡೂ ನಾನು ಸುಮ್ನೆ ಲೆಕ್ಕಕ್ಕೆ ಹಿಡಿದದ್ದು, ಕಂದಾಯದ ದರ ಮಾತ್ರ ಹಳೆಯ ಪಟ್ಟಿಯದ್ದು. ಹತ್ತು ಜರೀಬ್ ಗೋಧಿ ಹೊಲ, ಜರೀಬಿಗೆ 4ರಂತೆ 40 ದಿರ್ಹಮ್ ಖರಾಜ್. ಜೊತೆಗೆ ಕೆಳಗಿನ ದರ್ಜೆಯ ತಲೆಗಂದಾಯ 12. ಒಟ್ಟು 52 ದಿರ್ಹಮ್ ನಾಣ್ಯದಲ್ಲೇ ಕೊಡಬೇಕು, ಅದಕ್ಕೆ ಧಾನ್ಯ ಮಾರಲೇಬೇಕು.

ಸಾಧಾರಣ ವರ್ಷ 100 ಅಳತೆ ಗೋಧಿ ಬಂತು, ಅಳತೆಗೆ 1 ದಿರ್ಹಮ್. 52 ಅಳತೆ ಮಾರಿದ, 48 ಉಳಿಯಿತು. ಮುಂದಿನ ವರ್ಷ ಎಲ್ಲ ಕಡೆ ಒಳ್ಳೆಯ ಬೆಳೆ, ಇವನಿಗೂ 130 ಅಳತೆ. ಆದರೆ ಬೆಲೆ ಅರ್ಧಕ್ಕೆ ಬಿತ್ತು. ಅದೇ 52 ದಿರ್ಹಮಿಗೆ 104 ಅಳತೆ ಮಾರಬೇಕು, ಉಳಿದದ್ದು 26. ಬೆಳೆ ಜಾಸ್ತಿ ಆದ ವರ್ಷ ಮನೆಗೆ ಬಂದದ್ದು ಸಾಧಾರಣ ವರ್ಷದ ಅರ್ಧದ ಚೂರು ಮೇಲೆ! ಮೂರನೇ ವರ್ಷ ಕಾಲುವೆ ಕೆಟ್ಟು 40 ಅಳತೆ ಬಂತು, ಬೆಲೆ 2 ದಿರ್ಹಮಿಗೆ ಏರಿತು. 26 ಮಾರಿದ, 14 ಉಳಿಯಿತು. ಅದರಲ್ಲೇ ಬೀಜಕ್ಕೂ ತೆಗೆದಿಡಬೇಕು. ನಾಲ್ಕನೇ ವರ್ಷ ಬಿತ್ತದೇ ಬಿಟ್ಟರೂ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬಾಕಿ ಬೀಳುತ್ತದೆ. ಅವನು ಓಡಿಹೋಗದೆ ಇನ್ನೇನು ಮಾಡುತ್ತಾನೆ? ಅವನ ಬಾಕಿಯನ್ನು ಊರಿನವರ ಮೇಲೆ ಹೊರಿಸುತ್ತಾರೆ, ಆಮೇಲೆ ಪಕ್ಕದವನೂ ಓಡುತ್ತಾನೆ.

ಆಮೇಲೆ ಬಂದ ಖಲೀಫರ ವಂಶ ಅಬ್ಬಾಸಿಗಳ ಕಾಲಕ್ಕೆ ಇದು ಕಣ್ಣಿಗೆ ರಾಚುವಷ್ಟಾಗಿತ್ತು. ಬೆಲೆ ಕುಸಿತದ ತೊಂದರೆ ಅಲ್ ಮನ್ಸೂರ್ ಕಾಲಕ್ಕೇ ಶುರುವಾಗಿ, ಅಲ್ ಮಹ್ದಿ (775–785) ಸವಾದ್‌ನ ಧಾನ್ಯದ ನೆಲಗಳನ್ನು ಮುಕಾಸಮಾಗೆ, ಅಂದರೆ ಬೆಳೆಯ ಪಾಲಿಗೆ, ಬದಲಾಯಿಸಿದ. ಕಾಲುವೆಯಿಂದ ತಾನಾಗೇ ಹರಿಯುವ ನೀರಿನ ಹೊಲಕ್ಕೆ ಅರ್ಧ ಪಾಲು, ಏತದಿಂದ ಎತ್ತಿದ ನೀರಿಗೆ ಮೂರರಲ್ಲೊಂದು, ನೀರೆತ್ತುವ ಚಕ್ರಕ್ಕೆ ನಾಲ್ಕರಲ್ಲೊಂದು. ನೀರಿಗೆ ರೈತ ಹಾಕಿದ ಶ್ರಮ, ಖರ್ಚು ಹೆಚ್ಚಾದಷ್ಟೂ ಸರ್ಕಾರದ ಪಾಲು ಕಡಿಮೆ. ತರ್ಕ ಸರಿಯಾಗಿಯೇ ಇದೆ, ಆದರೆ ಅರ್ಧ ಅನ್ನೋದು ತುಂಬಾ ಭಾರ.

ಹಾರೂನ್ ಕೇಳಿದ್ದಕ್ಕೆ ಅಬೂ ಯೂಸುಫ್ ಕೊಟ್ಟ ಸಲಹೆ ಇಲ್ಲಿ ಬರುತ್ತದೆ. ಉಮರ್ ಹಾಕಿದ ದರವನ್ನು ಬದಲಾಯಿಸಬಹುದೇ ಅನ್ನೋದೇ ಅವರಿಗೆ ಮೊದಲ ತೊಡಕು. ಅದಕ್ಕೆ ಅವರು ಆ ಹಳೆಯ ಪ್ರಶ್ನೆಯನ್ನೇ ಹಿಡಿದರು: ನೆಲ ಹೊರುವಷ್ಟೇ ಹಾಕಿದ್ದೀರಾ ಅಂತ ಉಮರ್ ಕೇಳಿದರಲ್ಲ, ಅಂದರೆ ದರ ನೆಲದ ಶಕ್ತಿಗೆ ಕಟ್ಟಿದ್ದೇ ಹೊರತು ಎಂದೆಂದಿಗೂ ಅಲ್ಲ. ಅಳತೆಯ ಕಾಲದಲ್ಲಿ ಬೆಳೆಯುವ ನೆಲವೇ ಹೆಚ್ಚು, ಪಾಳು ಸ್ವಲ್ಪ. ಈಗ ನೂರು ವರ್ಷದಿಂದ ಪಾಳುಬಿದ್ದ ನೆಲ ಇದೆ, ಅದನ್ನು ಎಬ್ಬಿಸುವ ಶಕ್ತಿ ರೈತನಿಗಿಲ್ಲ. ಬೆಲೆಯ ಬಗ್ಗೆ ಅವರು ಹೇಳಿದ್ದು ಇನ್ನೂ ಚುರುಕಾಗಿದೆ. ಇಷ್ಟು ಧಾನ್ಯ ಅಂತ ಗೊತ್ತಾದ ಮೊತ್ತ ಹಾಕಿದರೆ, ಧಾನ್ಯ ಅಗ್ಗವಾದಾಗ ಬರುವುದು ಸುಲ್ತಾನನಿಗೆ ಸಾಲದು, ಸೈನ್ಯ ನಡೆಯೋದಿಲ್ಲ. ಧಾನ್ಯ ತುಟ್ಟಿಯಾದಾಗ ರೈತನ ಕೈಯಲ್ಲಿ ಹೆಚ್ಚು ಬಿಡಲು ಸುಲ್ತಾನನಿಗೆ ಮನಸ್ಸು ಬರೋದಿಲ್ಲ. ಅಗ್ಗ, ತುಟ್ಟಿ ಎರಡೂ ದೇವರ ಕೈಯಲ್ಲಿರುವಾಗ ಒಂದೇ ಮೊತ್ತ ನಿಲ್ಲೋದು ಹೇಗೆ?

ಅವರು ಹೇಳಿದ ದರ: ಹರಿನೀರಿನ ಗೋಧಿ, ಬಾರ್ಲಿಗೆ ಐದರಲ್ಲಿ ಎರಡು ಪಾಲು, ಏತದ ನೀರಿನದಕ್ಕೆ ಐದರಲ್ಲಿ ಒಂದೂವರೆ, ಖರ್ಜೂರ, ದ್ರಾಕ್ಷಿ, ತರಕಾರಿ, ತೋಟಕ್ಕೆ ಮೂರರಲ್ಲೊಂದು, ಬೇಸಿಗೆ ಬೆಳೆಗೆ ನಾಲ್ಕರಲ್ಲೊಂದು. ನಮ್ಮ ಅದೇ ರೈತನಿಗೆ ಐದರಲ್ಲೆರಡು ಹಾಕಿ ನೋಡಿ. ಸಾಧಾರಣ ವರ್ಷ 40 ಅಳತೆ ಹೋಗಿ 60, ತಲೆಗಂದಾಯಕ್ಕೆ 12 ಮಾರಿದರೆ 48, ಹಿಂದಿನಷ್ಟೇ. ಅಗ್ಗದ ವರ್ಷ 130ರಲ್ಲಿ 52 ಹೋಗಿ 78, ತಲೆಗಂದಾಯಕ್ಕೆ 24 ಮಾರಿದರೆ 54. ಹಿಂದೆ 26 ಇತ್ತು. ಕೆಟ್ಟ ವರ್ಷ 40ರಲ್ಲಿ 16 ಹೋಗಿ 24, ಇನ್ನು 6 ಮಾರಿದರೆ 18. ಹಿಂದೆ 14. ಬಿತ್ತದಿದ್ದರೆ ಖರಾಜ್ ಸೊನ್ನೆ. ಬೊಕ್ಕಸದ ಕಡೆಯಿಂದ ನೋಡಿದರೆ ಮೂರು ವರ್ಷದ ಬೆಲೆ 40, 26, 32 ದಿರ್ಹಮ್. ಪುಸ್ತಕದ ಮೇಲೆ ಇದು ನಷ್ಟ. ಆದರೆ ಹಳೆಯ ಪದ್ಧತಿಯ 40 ಬರೋದು ರೈತ ಊರಲ್ಲಿ ಉಳಿದಿದ್ದರೆ ಮಾತ್ರ.

ಪಾಲಿನ ಪದ್ಧತಿಯ ಅಪಾಯ ಅಬೂ ಯೂಸುಫ್‌ಗೆ ಚೆನ್ನಾಗಿ ಗೊತ್ತಿತ್ತು. ನೆಲ ಓಡೋದಿಲ್ಲ, ಒಮ್ಮೆ ಅಳೆದರೆ ಆಯಿತು. ರಾಶಿಯನ್ನು ಪ್ರತಿ ಸುಗ್ಗಿಯಲ್ಲೂ ಯಾರಾದರೂ ನಿಂತು ಅಳೆಯಬೇಕು, ಮೋಸ ನಡೆಯೋದು ಅಲ್ಲೇ. ಹಾಗಾಗಿ ಕಣದ ಬಗ್ಗೆ ಅವರು ಬರೆದಿರುವ ಎಚ್ಚರಿಕೆಗಳು ಈ ಪುಸ್ತಕದ ಅತ್ಯಂತ ಬೆಲೆಯುಳ್ಳ ಭಾಗ ಅನ್ನೋದು ನನ್ನ ಅಭಿಪ್ರಾಯ. ಒಕ್ಕಿದ ಕಾಳನ್ನು ಅಳತೆಗಾರ ಬರುವವರೆಗೆ ತಿಂಗಳುಗಟ್ಟಲೆ ಕಣದಲ್ಲಿ ಬಿಡಬಾರದು, ಹಕ್ಕಿ, ದನ, ದಾರಿಹೋಕರು ತಿಂದು ಹೋಗುತ್ತಾರೆ, ನಷ್ಟ ಇಬ್ಬರಿಗೂ. ನಿಂತ ಬೆಳೆಯನ್ನು ಕಣ್ಣಂದಾಜಿನಲ್ಲಿ ಇಷ್ಟು ಅಂತ ಹೇಳಿ ಆಮೇಲೆ ಅದೇ ಅಂದಾಜಿನ ಮೇಲೆ ಪಾಲು ಕೇಳಬಾರದು. ಅಳೆಯುವವನ ಕೂಲಿ, ಕಾಗದದ ದುಡ್ಡು, ಬಂದವರ ಊಟದ ಖರ್ಚು ರೈತನ ಮೇಲೆ ಹಾಕಬಾರದು. ಒಂದೇ ಅಳತೆಯಿಂದ ಸರ್ಕಾರಕ್ಕೂ ರೈತನಿಗೂ ಅಳೆಯಬೇಕು. ಬಾಕಿಗಾಗಿ ಯಾರನ್ನೂ ಹೊಡೆಯಬಾರದು, ಬಿಸಿಲಲ್ಲಿ ನಿಲ್ಲಿಸಬಾರದು.

ಅವರು ಅತ್ಯಂತ ಕಟುವಾಗಿ ಬರೆದದ್ದು ಕಬಾಲಾ ಎಂಬ ಗುತ್ತಿಗೆ ವಸೂಲಿಯ ಬಗ್ಗೆ. ಒಬ್ಬ ಶ್ರೀಮಂತ ಜಿಲ್ಲೆಯ ಕಂದಾಯಕ್ಕೆ ಇಷ್ಟು ಅಂತ ಸರ್ಕಾರಕ್ಕೆ ಮೊತ್ತ ಒಪ್ಪಿಕೊಂಡು, ಆಮೇಲೆ ರೈತರಿಂದ ತನಗೆ ಬೇಕಾದಷ್ಟು ಕೀಳುತ್ತಾನೆ. ಅವನಿಗೆ ಆ ಊರು ಮುಂದಿನ ವರ್ಷ ಪಾಳುಬಿದ್ದರೂ ಚಿಂತೆ ಇಲ್ಲ. ಊರಿನವರೇ ಬಂದು, ನಮ್ಮಲ್ಲೇ ಒಬ್ಬ ನಂಬಿಕಸ್ಥ ಹಣವಂತ ಜವಾಬ್ದಾರಿ ಹೊರುತ್ತಾನೆ, ಅದು ನಮಗೆ ಹಗುರ ಅಂದರೆ ಮಾತ್ರ ಒಪ್ಪಬಹುದು. ಆಗಲೂ ಅವನ ಜೊತೆ ಬೊಕ್ಕಸದಿಂದ ಸಂಬಳ ಪಡೆಯುವ ಒಬ್ಬ ಅಧಿಕಾರಿ ಇರಬೇಕು, ಅವನು ಜಾಸ್ತಿ ಕೇಳಿದರೆ ತಡೆಯಲು.

ಈ ಸಲಹೆಗಳಲ್ಲಿ ಎಷ್ಟು ಜಾರಿಗೆ ಬಂತು? ಸಂಬಳದ ಅಧಿಕಾರಿ, ಸರಿಯಾದ ಅಳತೆ, ಕಾಲಕ್ಕೆ ಸರಿಯಾಗಿ ರಾಶಿ ಹಂಚುವುದು, ಇವೆಲ್ಲ ನಿತ್ಯದ ಮೇಲ್ವಿಚಾರಣೆ ಬೇಡುವ ಕೆಲಸ, ಮತ್ತು ಬೊಕ್ಕಸಕ್ಕೆ ತುರ್ತು ಹಣ ಬೇಕಾದಾಗ ಗುತ್ತಿಗೆದಾರನೇ ಹತ್ತಿರದ ದಾರಿ. ಮುಂದಿನ ನೂರು ವರ್ಷದಲ್ಲಿ ಬಗ್ದಾದ್ ಅದೇ ದಾರಿಗೆ ಇನ್ನೂ ಹೆಚ್ಚಾಗಿ ಹೊರಳಿತು. ದರದ ಮಾತು ಮಾತ್ರ ನಡೆಯಿತು: 819ರಲ್ಲಿ, ಹಿಜರಿ 204ರಲ್ಲಿ, ಖಲೀಫ ಅಲ್ ಮಾಮೂನ್ ಬಗ್ದಾದಿಗೆ ಬಂದ ಮೇಲೆ ಸವಾದ್‌ನ ರೈತರಿಂದ ತೆಗೆದುಕೊಳ್ಳುತ್ತಿದ್ದ ಅರ್ಧ ಪಾಲನ್ನು ಐದರಲ್ಲಿ ಎರಡಕ್ಕೆ ಇಳಿಸಿದ. ಅಬೂ ಯೂಸುಫ್ ಬರೆದ ದರ ಅದೇ, ಅವರು ತೀರಿಕೊಂಡು ಇಪ್ಪತ್ತೊಂದು ವರ್ಷ ಆಗಿತ್ತು.